ಇಳಿಯುವ ಬಾಲ: ಅರೇಯೊಳಗೇ ಮುಂದಿನ ಕ್ರಮಯೋಜನೆಯನ್ನು ಹುಡುಕುವುದು

(ಪ್ರೋಗ್ರಾಮಿಂಗ್ ಕಲಿಯುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೇಳುಗರ ಕೆಲವು ಪ್ರಶ್ನೆಗಳನ್ನೂ ಅವು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಗೆಳೆಯರೇ, ನಮ್ಮ ಬಳಿ ಒಂದು ಅರೇ ಇದೆ, ಅದರಲ್ಲಿ ಕೆಲವು ಸಂಖ್ಯೆಗಳಿವೆ. ಅವೇ ಸಂಖ್ಯೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೋ ಅಷ್ಟೂ ಬಗೆಯಲ್ಲಿ ಜೋಡಿಸಿ, ನಿಘಂಟಿನಲ್ಲಿ ಪದಗಳನ್ನು ಇಡುವ ಹಾಗೆ ಒಂದರ ಕೆಳಗೆ ಒಂದನ್ನು ಬರೆದಿದ್ದೇವೆ ಎಂದುಕೊಳ್ಳಿ. ಎರಡು ಜೋಡಣೆಗಳಲ್ಲಿ ಯಾವುದು ಮೊದಲು ಎಂದು ತಿಳಿಯಲು ಎಡದಿಂದ ಓದುತ್ತಾ ಹೋಗಬೇಕು; ಅವು ಮೊದಲ ಬಾರಿಗೆ ಬೇರೆಯಾಗುವ ಸ್ಥಾನದಲ್ಲಿ ಯಾವುದರ ಸಂಖ್ಯೆ ಚಿಕ್ಕದೋ ಅದೇ ಮೊದಲು. ಇಂಥ ಒಂದೊಂದು ಜೋಡಣೆಯನ್ನೂ ಕ್ರಮಯೋಜನೆ ಎನ್ನುತ್ತಾರೆ. ಈಗ ಪ್ರಶ್ನೆ ಇಷ್ಟೇ: ಕೈಯಲ್ಲಿರುವ ಜೋಡಣೆಯ ಮರುಸಾಲಿನಲ್ಲಿ ಏನಿರುತ್ತದೆ? ಪಟ್ಟಿಯನ್ನು ಬರೆಯುವಂತಿಲ್ಲ, ಇನ್ನೊಂದು ಅರೇಯನ್ನು ತೆಗೆದುಕೊಳ್ಳುವಂತಿಲ್ಲ. ಇರುವ ಅರೇಯೊಳಗೇ ಸಂಖ್ಯೆಗಳನ್ನು ಸರಿಸಿ ಉತ್ತರವನ್ನು ತರಬೇಕು.

ಇದರ ಉತ್ತರ ಹೊಸದಲ್ಲ. ನಾರಾಯಣ ಪಂಡಿತ 1356ರಲ್ಲಿ ರಚಿಸಿದ ‘ಗಣಿತಕೌಮುದಿ’ಯ ಅಂಕಪಾಶ ಅಧ್ಯಾಯಕ್ಕೆ ಈ ವಿಧಾನದ ಮೂಲವನ್ನು ಗುರುತಿಸುತ್ತಾರೆ. ಇಂದು ಅದೇ ವಿಧಾನ ಸಿ++ ಭಾಷೆಯ ಲೈಬ್ರರಿಯಲ್ಲಿ `std::next_permutation` ಎಂಬ ಹೆಸರಿನಲ್ಲಿದೆ.

ಸಾಮಾನ್ಯವಾಗಿ ಇದನ್ನು ಕಲಿಸುವಾಗ ಮೂರು ನಾಲ್ಕು ಹಂತಗಳನ್ನು ಹೇಳಿ, ಕೊನೆಯಲ್ಲಿ ‘ಅರೇ ಪೂರ್ತಿ ಇಳಿಕೆ ಕ್ರಮದಲ್ಲಿದ್ದರೆ ಅದನ್ನು ಬೇರೆಯಾಗಿ ನೋಡಿಕೊಳ್ಳಿ’ ಎಂದು ಒಂದು ಮಾತು ಸೇರಿಸುತ್ತಾರೆ. ನನಗೆ ಆ ಕ್ರಮ ಒಪ್ಪಿಗೆಯಿಲ್ಲ. ಪೂರ್ತಿ ಇಳಿಕೆಯ ಸ್ಥಿತಿ ಇಲ್ಲಿ ಅಪವಾದವಲ್ಲ, ಇಡೀ ವಿಧಾನ ನಿಂತಿರುವುದೇ ಅದರ ಮೇಲೆ. ಆದ್ದರಿಂದ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

4, 3, 2, 1 ಎಂಬ ಜೋಡಣೆಯನ್ನು ನೋಡಿ. ಈ ನಾಲ್ಕು ಸಂಖ್ಯೆಗಳಿಂದ ಇದಕ್ಕಿಂತ ದೊಡ್ಡ ಜೋಡಣೆಯನ್ನು ಕಟ್ಟಲು ಸಾಧ್ಯವೇ? ಮೊದಲ ಸ್ಥಾನದಲ್ಲಿ 4ಕ್ಕಿಂತ ದೊಡ್ಡದನ್ನು ಇಡಲಾಗದು, ಅಂಥದ್ದು ನಮ್ಮಲ್ಲಿಲ್ಲ. 4 ಅಲ್ಲೇ ನಿಂತರೆ ಎರಡನೆಯ ಸ್ಥಾನಕ್ಕೆ ಉಳಿದವುಗಳಲ್ಲಿ ದೊಡ್ಡದಾದ 3 ಆಗಲೇ ಬಂದು ಕೂತಿದೆ. ಮೂರನೆಯದರದ್ದೂ ಅದೇ ಕಥೆ. ಇಳಿಕೆ ಕ್ರಮದಲ್ಲಿರುವ ಸಂಖ್ಯೆಗಳ ಗುಂಪು ತನ್ನೊಳಗೆ ಮುಂದಕ್ಕೆ ಹೋಗಲಾರದು, ಅದು ತನ್ನ ಕೊನೆಯನ್ನು ಮುಟ್ಟಿದೆ. ಈ ಮಾತಿನಲ್ಲಿ ‘ಇಳಿಕೆ’ ಎಂದರೆ ಬಲಕ್ಕೆ ಹೋದಂತೆ ಎಲ್ಲಿಯೂ ಏರದಿರುವುದು ಎಂದೇ ಅರ್ಥ. ಸಮನಾದ ಸಂಖ್ಯೆಗಳು ಅಕ್ಕಪಕ್ಕ ಬರಬಹುದು. 3, 3, 1 ಕೂಡ ಕೊನೆ ಮುಟ್ಟಿದ ಗುಂಪೇ. ಈ ಸಣ್ಣ ವಿಷಯವನ್ನು ನೆನಪಿನಲ್ಲಿಡಿ, ಮುಂದೆ ಕೋಡ್ ಎಡವುವುದು ಇಲ್ಲಿಯೇ.

ಈಗ ಇನ್ನೂ ಉದ್ದದ ಒಂದು ಅರೇಯನ್ನು ತೆಗೆದುಕೊಳ್ಳೋಣ:

```
2  6  3  8  7  4  1
```

ಬಲತುದಿಯಿಂದ ಎಡಕ್ಕೆ ನಡೆಯಿರಿ. 1, ಅದರ ಎಡಕ್ಕೆ 4, ಅದರ ಎಡಕ್ಕೆ 7, ಆಮೇಲೆ 8. ಇಲ್ಲಿಯವರೆಗೆ ಎಡಕ್ಕೆ ಹೋದಂತೆ ಸಂಖ್ಯೆಗಳು ದೊಡ್ಡದಾಗುತ್ತಲೇ ಇವೆ. ಅಂದರೆ ಎಡದಿಂದ ಓದಿದರೆ 8, 7, 4, 1 ಇಳಿಯುವ ಗುಂಪು. ಇದನ್ನು ನಾನು ಬಾಲ ಎಂದು ಕರೆಯುತ್ತೇನೆ. ಬಾಲ ತನ್ನ ಕೊನೆ ಮುಟ್ಟಿದೆ, ಅದರೊಳಗೆ ಏನನ್ನು ಸರಿಸಿದರೂ ಜೋಡಣೆ ಚಿಕ್ಕದಾಗುತ್ತದೆಯೇ ಹೊರತು ದೊಡ್ಡದಾಗುವುದಿಲ್ಲ. ಹಾಗಾದರೆ ಬದಲಾವಣೆ ಬಾಲದ ಎಡಕ್ಕೇ ಆಗಬೇಕು. ಬಾಲಕ್ಕೆ ತಾಗಿಕೊಂಡು ಎಡಗಡೆ ನಿಂತಿರುವ ಸಂಖ್ಯೆ 3. ಅದು ತನ್ನ ಬಲಗಡೆಯ 8ಕ್ಕಿಂತ ಚಿಕ್ಕದು. ಇದನ್ನು ಪಿವಟ್ ಎನ್ನುತ್ತಾರೆ.

ವಾಹನದಲ್ಲಿ ಓಡಿದ ದೂರವನ್ನು ತೋರಿಸುವ ಮೀಟರನ್ನು ನೆನೆಸಿಕೊಳ್ಳಿ. 1999 ಆದಮೇಲೆ ಬಲಗಡೆಯ ಮೂರೂ 9ಗಳು ಇನ್ನು ಏರಲಾರವು. ಅವುಗಳ ಎಡಕ್ಕಿರುವ 1 ಒಂದು ಮೆಟ್ಟಿಲು ಏರುತ್ತದೆ, ಬಲಗಡೆಯದೆಲ್ಲ ತನ್ನ ಮೊದಲಿಗೆ ಮರಳಿ 2000 ಆಗುತ್ತದೆ. ನಮ್ಮ ಅರೇಯಲ್ಲಿಯೂ ನಡೆಯುವುದು ಇದೇ. ವ್ಯತ್ಯಾಸ ಒಂದೇ: ಇಲ್ಲಿ ಹೊಸ ಅಂಕಿಯನ್ನು ಹೊರಗಿನಿಂದ ತರುವಂತಿಲ್ಲ. ಪಿವಟ್ ಏರಬೇಕಾದರೆ ಆ ಏರಿಕೆಗೆ ಬೇಕಾದ ಸಂಖ್ಯೆಯನ್ನು ಬಾಲವೇ ಕೊಡಬೇಕು.

ಪಿವಟ್ ಇರುವ ಸ್ಥಾನವನ್ನೇ ಏಕೆ ಬದಲಿಸಬೇಕು, ಇನ್ನೂ ಎಡಕ್ಕೆ ಹೋಗಿ 2ನ್ನೋ 6ನ್ನೋ ಬದಲಿಸಬಾರದೇಕೆ ಎಂದು ಮುಂದಿನ ಸಾಲಿನಲ್ಲಿದ್ದ ಒಬ್ಬರು ಕೇಳಿದರು. ಬದಲಿಸಬಹುದು, ಆದರೆ ಆಗ ನಾವು ಅನೇಕ ಜೋಡಣೆಗಳನ್ನು ಹಾರಿ ಮುಂದೆ ಹೋಗಿಬಿಡುತ್ತೇವೆ. ಮೊದಲ ಸ್ಥಾನದ 2ನ್ನು ತೆಗೆದು 3 ಇಟ್ಟರೆ ಹೊಸ ಜೋಡಣೆ 3ರಿಂದ ಶುರುವಾಗುತ್ತದೆ. 2, 6 ಹಾಗೆಯೇ ಉಳಿದು ಮೂರನೆಯ ಸ್ಥಾನ ಮಾತ್ರ ಏರಿದ ಜೋಡಣೆ 2ರಿಂದಲೇ ಶುರುವಾಗುವುದರಿಂದ ಅದು ನಿಘಂಟಿನಲ್ಲಿ ಮೊದಲು ಬರುತ್ತದೆ. ಎಡಗಡೆಯ ಎಷ್ಟು ಸಂಖ್ಯೆಗಳನ್ನು ಮುಟ್ಟದೆ ಬಿಡುತ್ತೇವೆಯೋ ಅಷ್ಟೂ ನಾವು ಈಗಿನ ಜೋಡಣೆಗೆ ಹತ್ತಿರ ಇರುತ್ತೇವೆ. ಬದಲಿಸಲು ಸಾಧ್ಯವಿರುವ ಸ್ಥಾನಗಳಲ್ಲಿ ತೀರ ಬಲಗಡೆಯದು ಪಿವಟ್ ಇರುವ ಸ್ಥಾನ.

ಪಿವಟ್‌ನ ಜಾಗಕ್ಕೆ ಯಾವ ಸಂಖ್ಯೆ ಬರಬೇಕು ಎಂಬುದೂ ಇದೇ ತರ್ಕದಿಂದ ಸಿಗುತ್ತದೆ. 3ಕ್ಕಿಂತ ದೊಡ್ಡದಾಗಿರಬೇಕು, ಆದರೆ ಅಂಥವುಗಳಲ್ಲಿ ಅತಿ ಚಿಕ್ಕದಾಗಿರಬೇಕು. ಬಾಲದಲ್ಲಿ 8, 7, 4 ಮೂರೂ 3ಕ್ಕಿಂತ ದೊಡ್ಡವು, ಬೇಕಾದದ್ದು 4. ಅದನ್ನು ಹುಡುಕಲು ಎಲ್ಲವನ್ನೂ ಹೋಲಿಸಬೇಕಾಗಿಲ್ಲ. ಬಾಲ ಇಳಿಕೆ ಕ್ರಮದಲ್ಲಿರುವುದರಿಂದ ಬಲತುದಿಯಿಂದ ಬರುವಾಗ ಮೊದಲು ಸಿಗುವ, 3ಕ್ಕಿಂತ ದೊಡ್ಡದಾದ ಸಂಖ್ಯೆಯೇ ನಮಗೆ ಬೇಕಾದದ್ದು. 1 ಚಿಕ್ಕದು, ದಾಟಿ ಹೋಗುತ್ತೇವೆ. 4 ದೊಡ್ಡದು, ನಿಲ್ಲುತ್ತೇವೆ. 3 ಮತ್ತು 4ನ್ನು ಅದಲುಬದಲು ಮಾಡಿದರೆ:

```
2  6  4  8  7  3  1
```

ಇದಿನ್ನೂ ಉತ್ತರವಲ್ಲ. 2, 6, 4 ಎಂದು ಶುರುವಾಗುವ ಜೋಡಣೆಗಳಲ್ಲಿ ಇದೇ ಕೊನೆಯದು, ನಮಗೆ ಬೇಕಾಗಿರುವುದು ಅವುಗಳಲ್ಲಿ ಮೊದಲನೆಯದು. ಅಂದರೆ ಬಲಗಡೆಯ ನಾಲ್ಕೂ ಸಂಖ್ಯೆಗಳು ಏರಿಕೆ ಕ್ರಮಕ್ಕೆ ಬರಬೇಕು.

ಇಡೀ ವಿಧಾನದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಏರಿಕೆ ಕ್ರಮಕ್ಕೆ ತರಬೇಕು ಎಂದ ಕೂಡಲೇ ವಿಂಗಡಣೆ ಮಾಡುವ ಫಂಕ್ಷನ್ ಕರೆಯಲು ಕೈ ಹೋಗುತ್ತದೆ. ಬೇಡ. ಅದಲುಬದಲಿನ ನಂತರದ ಬಾಲವನ್ನು ನೋಡಿ: 8, 7, 3, 1. ಅದು ಈಗಲೂ ಇಳಿಕೆ ಕ್ರಮದಲ್ಲಿಯೇ ಇದೆ. ಇದು ಈ ಸಂಖ್ಯೆಗಳ ಅದೃಷ್ಟವಲ್ಲ. 4 ಇದ್ದ ಜಾಗಕ್ಕೆ 3 ಬಂದಿದೆ. ಅದರ ಎಡಗಡೆ ಇರುವವೆಲ್ಲ 4 ಅಥವಾ ಅದಕ್ಕಿಂತ ದೊಡ್ಡವು, ಹಾಗಾಗಿ 3ಕ್ಕಿಂತಲೂ ದೊಡ್ಡವು. ಬಲಗಡೆ ಇರುವವೆಲ್ಲ ನಾವು ‘3ಕ್ಕಿಂತ ದೊಡ್ಡದಲ್ಲ’ ಎಂದು ದಾಟಿ ಬಂದವು. ಆದ್ದರಿಂದ ಹೊಸದಾಗಿ ಬಂದ 3 ತನ್ನ ಜಾಗದಲ್ಲಿ ಸರಿಯಾಗಿ ಹೊಂದಿಕೊಳ್ಳುತ್ತದೆ, ಬಾಲದ ಇಳಿಕೆ ಎಲ್ಲಿಯೂ ಮುರಿಯುವುದಿಲ್ಲ. ಇಳಿಕೆಯಲ್ಲಿರುವುದನ್ನು ಏರಿಕೆಗೆ ತರಲು ಹಿಂದುಮುಂದು ತಿರುಗಿಸಿದರೆ ಸಾಕು. ಎರಡೂ ತುದಿಗಳಿಂದ ಜೋಡಿ ಜೋಡಿಯಾಗಿ ಅದಲುಬದಲು ಮಾಡುತ್ತಾ ನಡುವಿಗೆ ಬಂದರೆ ಕೆಲಸ ಮುಗಿಯಿತು:

```
2  6  4  1  3  7  8
```

ಇದೇ ಮುಂದಿನ ಕ್ರಮಯೋಜನೆ. ಬಳಸಿದ ಹೆಚ್ಚುವರಿ ಜಾಗ ಎರಡು ಮೂರು ಇಂಡೆಕ್ಸ್‌ಗಳದ್ದು ಮಾತ್ರ.

ಈಗ 4, 3, 2, 1ಕ್ಕೆ ಮರಳೋಣ. ಬಲತುದಿಯಿಂದ ನಡೆಯುತ್ತೇವೆ, ಎಲ್ಲಿಯೂ ಪಿವಟ್ ಸಿಗುವುದಿಲ್ಲ, ಅರೇಯ ಎಡತುದಿಯನ್ನೂ ದಾಟಿ ಹೊರಗೆ ಬರುತ್ತೇವೆ. ಬಾಲವೇ ಇಡೀ ಅರೇ. ಏರಬೇಕಾದ ಸಂಖ್ಯೆ ಇಲ್ಲ, ಆದ್ದರಿಂದ ಅದಲುಬದಲಿನ ಹಂತವಿಲ್ಲ. ಉಳಿಯುವುದು ಬಾಲವನ್ನು ತಿರುಗಿಸುವ ಹಂತ. ಅದನ್ನು ಮಾಡಿದರೆ 1, 2, 3, 4 ಬರುತ್ತದೆ, ಅಂದರೆ ಪಟ್ಟಿಯ ಮೊದಲ ಸಾಲು. ಮೀಟರಿನಲ್ಲಿ ಎಲ್ಲ ಅಂಕಿಗಳೂ 9 ಆದಾಗ ಅದು ಸೊನ್ನೆಗಳಿಗೆ ಮರಳುವುದೂ ಹೀಗೆಯೇ, ಹೊಸ ನಿಯಮ ಯಾವುದೂ ಬೇಕಾಗುವುದಿಲ್ಲ. ಕೋಡ್‌ನಲ್ಲಿ ಇದು ಎಷ್ಟು ಸಹಜವಾಗಿ ಬರುತ್ತದೆ ನೋಡಿ:

```python
def next_permutation(a):
    i = len(a) - 2
    while i >= 0 and a[i] >= a[i + 1]:
        i -= 1
    if i >= 0:
        j = len(a) - 1
        while a[j] <= a[i]:
            j -= 1
        a[i], a[j] = a[j], a[i]
    l, r = i + 1, len(a) - 1
    while l < r:
        a[l], a[r] = a[r], a[l]
        l += 1
        r -= 1
    return i >= 0
```

ಪಿವಟ್ ಸಿಗದಿದ್ದಾಗ `i` ಎಂಬುದು -1 ಆಗಿರುತ್ತದೆ. ಆಗ `i + 1` ಸೊನ್ನೆ, ಅಂದರೆ ತಿರುಗಿಸುವ ಲೂಪ್ ಅರೇಯ ಮೊದಲಿನಿಂದಲೇ ಶುರುವಾಗುತ್ತದೆ. ಪೂರ್ತಿ ಇಳಿಕೆಯ ಅರೇಗಾಗಿ, ಅದಲುಬದಲನ್ನು ಬಿಟ್ಟು ಮುಂದೆ ಹೋಗುವ ಆ ಒಂದು `if` ಹೊರತು, ಬೇರೆ ಯಾವ ಸಾಲನ್ನೂ ಬರೆದಿಲ್ಲ. ಎರಡನೆಯ `while` ಲೂಪಿಗೆ ‘ಅರೇಯ ಹೊರಗೆ ಹೋಗಬೇಡ’ ಎಂಬ ಕಾವಲು ಇಲ್ಲದಿರುವುದನ್ನೂ ಗಮನಿಸಿ. ಪಿವಟ್ ಇದೆ ಎಂದಾದರೆ ಅದರ ಬಲಗಡೆಯ ಸಂಖ್ಯೆಯಾದರೂ ಅದಕ್ಕಿಂತ ದೊಡ್ಡದಾಗಿಯೇ ಇರುತ್ತದೆ, ಆದ್ದರಿಂದ ಲೂಪ್ ಅಲ್ಲಿಯಾದರೂ ನಿಲ್ಲಲೇಬೇಕು.

ಕೊನೆಯ ಸಾಲಿನ ಬಗ್ಗೆ ಸ್ವಲ್ಪ ಹೆಚ್ಚು ಮಾತನಾಡಬೇಕು. ಫಂಕ್ಷನ್ ಅರೇಯನ್ನು ಬದಲಿಸಿ ಸುಮ್ಮನಾದರೆ, ಕರೆದವರಿಗೆ ತಾವು ಪಟ್ಟಿಯಲ್ಲಿ ಮುಂದೆ ಹೋದೆವೋ, ಕೊನೆ ಮುಟ್ಟಿ ಮೊದಲಿಗೆ ಮರಳಿದೆವೋ ತಿಳಿಯುವುದಿಲ್ಲ. ಎಲ್ಲ ಜೋಡಣೆಗಳನ್ನೂ ನೋಡಬೇಕೆಂದು ಲೂಪ್ ಹಾಕಿದವರು ಅದೇ ಪಟ್ಟಿಯನ್ನು ಮತ್ತೆ ಮತ್ತೆ ಸುತ್ತುತ್ತಲೇ ಇರುತ್ತಾರೆ. ಅದಕ್ಕಾಗಿಯೇ ಸಿ++ ಫಂಕ್ಷನ್ ಮುಂದಿನದು ಸಿಕ್ಕಾಗ `true`, ಸುತ್ತು ಮುಗಿದು ಮೊದಲಿಗೆ ಮರಳಿದಾಗ `false` ಕೊಡುತ್ತದೆ. ಕೊನೆಯಲ್ಲಿ ಅರೇಯನ್ನು ಹಾಗೆಯೇ ಬಿಟ್ಟು `false` ಕೊಡುವ ರೀತಿಯೂ ಇರಬಹುದಿತ್ತು. ಆದರೆ ಮೊದಲಿಗೆ ಮರಳಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಒಂದು ಲೂಪಿನೊಳಗೆ ಇನ್ನೊಂದು ಅರೇಯ ಎಲ್ಲ ಜೋಡಣೆಗಳನ್ನು ಸುತ್ತುವಾಗ, ಒಳಗಿನ ಅರೇ ತಾನಾಗಿಯೇ ಏರಿಕೆ ಕ್ರಮಕ್ಕೆ ಬಂದು ಮುಂದಿನ ಸುತ್ತಿಗೆ ಸಿದ್ಧವಾಗಿ ನಿಂತಿರುತ್ತದೆ.

ಇಲ್ಲಿಯೇ ಬಳಸುವವರು ಎಡವುವ ಎರಡು ಜಾಗಗಳಿವೆ. ಮೊದಲನೆಯದು, ಶುರುವಿನಲ್ಲಿ ಅರೇಯನ್ನು ಏರಿಕೆ ಕ್ರಮಕ್ಕೆ ತರದಿರುವುದು. 3, 1, 2ರಿಂದ ಹೊರಟರೆ 3, 2, 1 ಸಿಗುತ್ತದೆ, ಮರುಕರೆಗೆ `false` ಬರುತ್ತದೆ. ಆರರಲ್ಲಿ ಎರಡನ್ನಷ್ಟೇ ನೋಡಿದ ಹಾಗಾಯಿತು. ಫಂಕ್ಷನ್ ತಪ್ಪು ಮಾಡಿಲ್ಲ, ನಾವು ಪಟ್ಟಿಯ ನಡುವಿನಿಂದ ಓದಲು ಹೊರಟಿದ್ದೆವು. ಎರಡನೆಯದು, ಮೊದಲು ಕರೆದು ಆಮೇಲೆ ಕೆಲಸ ಮಾಡುವ ಲೂಪ್. ಅದರಲ್ಲಿ ಏರಿಕೆ ಕ್ರಮದ ಮೊದಲ ಜೋಡಣೆ ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತದೆ. ಮೊದಲು ಕೈಯಲ್ಲಿರುವ ಜೋಡಣೆಯೊಂದಿಗೆ ಕೆಲಸ ಮುಗಿಸಿ, ಆಮೇಲೆ ಮುಂದಿನದನ್ನು ಕೇಳಬೇಕು.

ಇನ್ನು ಸಮನಾದ ಸಂಖ್ಯೆಗಳ ವಿಷಯ. ಕೋಡ್‌ನಲ್ಲಿ ಎರಡು ಹೋಲಿಕೆಗಳಿವೆ: ಪಿವಟ್ ಹುಡುಕುವಾಗ `>=`, ಅದಲುಬದಲಿನ ಸಂಗಾತಿಯನ್ನು ಹುಡುಕುವಾಗ `<=`. ಎಲ್ಲ ಸಂಖ್ಯೆಗಳೂ ಬೇರೆ ಬೇರೆಯಾಗಿದ್ದರೆ ಈ ‘ಸಮ’ ಚಿಹ್ನೆ ಇದ್ದರೂ ಇಲ್ಲದಿದ್ದರೂ ಉತ್ತರ ಒಂದೇ. ಆದ್ದರಿಂದಲೇ 1, 2, 3 ಹಾಕಿ ಪರೀಕ್ಷಿಸಿ ಸರಿಯಿದೆ ಎಂದು ನಂಬಿದ ಕೋಡ್ ಎಷ್ಟೋ ದಿನ ಬದುಕಿರುತ್ತದೆ.

1, 1, 5 ತೆಗೆದುಕೊಳ್ಳಿ. ಬರಬೇಕಾದ ಜೋಡಣೆಗಳು ಮೂರೇ: 1 1 5, ನಂತರ 1 5 1, ನಂತರ 5 1 1. ಎರಡನೆಯ ಹೋಲಿಕೆಯಲ್ಲಿ `<=` ಬದಲು `<` ಬರೆದಿದ್ದೇವೆ ಎಂದುಕೊಳ್ಳಿ. ಮೊದಲ ಹೆಜ್ಜೆ ಸರಿಯಾಗಿಯೇ ಆಗಿ 1 5 1 ಬರುತ್ತದೆ. ಈಗ ಬಾಲ 5, 1. ಪಿವಟ್ ಮೊದಲ 1. ಸಂಗಾತಿಗಾಗಿ ಬಲತುದಿಯಿಂದ ನೋಡಿದರೆ ಅಲ್ಲಿ 1 ಇದೆ. ಅದು ಪಿವಟ್‌ಗಿಂತ ಚಿಕ್ಕದಲ್ಲ, ಹಾಗಾಗಿ ತಪ್ಪು ಲೂಪ್ ಅಲ್ಲಿಯೇ ನಿಲ್ಲುತ್ತದೆ. 1ರ ಜೊತೆ 1 ಅದಲುಬದಲಾಗುತ್ತದೆ, ಏನೂ ಬದಲಾಗುವುದಿಲ್ಲ. ಆಮೇಲೆ ಬಾಲ ತಿರುಗುತ್ತದೆ: 1 1 5. ಮುಂದೆ ಹೋಗಬೇಕಾದದ್ದು ಹಿಂದಕ್ಕೆ ಬಂದಿದೆ! ಮುಂದಿನ ಕರೆಗೆ ಮತ್ತೆ 1 5 1, ಅದರ ಮುಂದಿನ ಕರೆಗೆ ಮತ್ತೆ 1 1 5. ಫಂಕ್ಷನ್ ಪ್ರತಿ ಬಾರಿಯೂ `True` ಎನ್ನುತ್ತಿರುತ್ತದೆ, 5 1 1 ಎಂದಿಗೂ ಬರುವುದಿಲ್ಲ. ಪ್ರೋಗ್ರಾಂ ನಿಲ್ಲದೆ ಓಡುತ್ತಿದ್ದರೆ ಮೊದಲು ಅನುಮಾನಿಸಬೇಕಾದ ಸಾಲು ಇದು.

ಮೊದಲ ಹೋಲಿಕೆಯಲ್ಲಿ ತಪ್ಪಿದರೆ ರೋಗಲಕ್ಷಣ ಬೇರೆ. ಅಲ್ಲಿ `>=` ಬದಲು `>` ಬರೆದು 2, 2, 1 ಕೊಡಿ. ಇದು ಪಟ್ಟಿಯ ಕೊನೆಯ ಜೋಡಣೆ, ಪಿವಟ್ ಇಲ್ಲ. ಆದರೆ ತಪ್ಪು ಕೋಡ್ ಮೊದಲ 2ನ್ನು ಪಿವಟ್ ಎಂದು ಹಿಡಿಯುತ್ತದೆ, ಯಾಕೆಂದರೆ ಅದು ಪಕ್ಕದ 2ಕ್ಕಿಂತ ದೊಡ್ಡದಲ್ಲ. ಈಗ 2ಕ್ಕಿಂತ ದೊಡ್ಡದಾದ ಸಂಗಾತಿಯನ್ನು ಹುಡುಕಲು ಹೊರಟರೆ ಅಂಥದ್ದು ಇಡೀ ಅರೇಯಲ್ಲಿಲ್ಲ. ಕಾವಲಿಲ್ಲದ ಆ ಲೂಪ್ ಅರೇಯ ಎಡತುದಿಯನ್ನು ದಾಟಿ ಹೊರಗೆ ಹೋಗುತ್ತದೆ. ಸಿ ಭಾಷೆಯಲ್ಲಿ ಅದು ನಮ್ಮದಲ್ಲದ ಮೆಮೊರಿಯನ್ನು ಓದುತ್ತದೆ. ಪೈಥಾನ್‌ನಲ್ಲಿ -1, -2, -3 ಎಂಬ ಇಂಡೆಕ್ಸ್‌ಗಳು ಬಲತುದಿಯಿಂದ ಎಣಿಕೆಯಾಗುವುದರಿಂದ ಇನ್ನೊಂದು ಸುತ್ತು ಹಾಕಿ, -4ಕ್ಕೆ ಬಂದಾಗ `IndexError` ಎಂದು ಕೂಗಿಕೊಳ್ಳುತ್ತದೆ. ನೋಡಿ, ಪೂರ್ತಿ ಇಳಿಕೆಯ ಅರೇಯನ್ನು ಗುರುತಿಸುವ ಕೆಲಸ ಆ ಒಂದು ‘ಸಮ’ ಚಿಹ್ನೆಯ ಮೇಲೆ ನಿಂತಿದೆ.

ಎಲ್ಲವೂ ಸಮನಾಗಿದ್ದರೆ, ಉದಾಹರಣೆಗೆ 4, 4, 4 ಇದ್ದರೆ, ಇರುವುದೇ ಒಂದು ಜೋಡಣೆ. ಅದೇ ಮೊದಲನೆಯದು, ಅದೇ ಕೊನೆಯದು. ಸರಿಯಾದ ಕೋಡ್ ಅದನ್ನು ತಿರುಗಿಸಿ ಅದನ್ನೇ ಪಡೆದು `False` ಕೊಡುತ್ತದೆ.

‘ಪಿವಟ್‌ಗಿಂತ ದೊಡ್ಡವುಗಳಲ್ಲಿ ಅತಿ ಚಿಕ್ಕದು ಎರಡು ಕಡೆ ಇದ್ದರೆ ಯಾವುದನ್ನು ತೆಗೆದುಕೊಂಡರೂ ಒಂದೇ ಅಲ್ಲವೇ?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಆ ದಿನ ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು. ಪಿವಟ್‌ನ ಜಾಗಕ್ಕೆ ಬರುವ ಸಂಖ್ಯೆ ಎರಡರಲ್ಲೂ ಒಂದೇ ನಿಜ. ಆದರೆ ಪಿವಟ್ ಹೋಗಿ ಕೂರುವ ಜಾಗ ಬೇರೆ. 2, 3, 3, 1 ನೋಡಿ. ಪಿವಟ್ 2. ಬಲಗಡೆಯ 3ರ ಜೊತೆ ಬದಲಿಸಿದರೆ 3, 3, 2, 1 ಆಗುತ್ತದೆ. ಬಾಲವನ್ನು ತಿರುಗಿಸಿದರೆ 3, 1, 2, 3. ಇದು ಸರಿಯಾದ ಉತ್ತರ. ಎಡಗಡೆಯ 3ರ ಜೊತೆ ಬದಲಿಸಿದರೆ 3, 2, 3, 1 ಆಗುತ್ತದೆ. ಈಗ ಬಾಲ 2, 3, 1. ಅದರ ಇಳಿಕೆ ಮುರಿದಿದೆ. ಅದನ್ನು ತಿರುಗಿಸಿದರೆ ಏರಿಕೆ ಕ್ರಮ ಬರುವುದಿಲ್ಲ, 3, 1, 3, 2 ಬರುತ್ತದೆ. ನಡುವಿನ 3, 1, 2, 3 ಸದ್ದಿಲ್ಲದೆ ತಪ್ಪಿಹೋಯಿತು. ತಿರುಗಿಸಿದರೆ ಸಾಕು ಎಂಬ ನಮ್ಮ ವಾದವೇ ‘ತೀರ ಬಲಗಡೆಯದು’ ಎಂಬ ಆಯ್ಕೆಯ ಮೇಲೆ ನಿಂತಿತ್ತು ಎಂಬುದನ್ನು ಈ ನಾಲ್ಕು ಸಂಖ್ಯೆಗಳು ತೋರಿಸಿಕೊಡುತ್ತವೆ.

ಹೀಗಾಗಿ ಇಂಥ ಕೋಡ್ ಬರೆದವರು ಪರೀಕ್ಷೆಗೆ ಪುನರಾವರ್ತನೆ ಇರುವ ಅರೇಯನ್ನೇ ಆರಿಸಿಕೊಳ್ಳಬೇಕು. 1, 1, 2, 3ರಿಂದ ಹೊರಟರೆ 4!/2!, ಅಂದರೆ 12 ಜೋಡಣೆಗಳು ಬರಬೇಕು. ಪ್ರತಿಯೊಂದೂ ತನ್ನ ಹಿಂದಿನದಕ್ಕಿಂತ ನಿಘಂಟು ಕ್ರಮದಲ್ಲಿ ದೊಡ್ಡದಾಗಿದೆಯೇ ಎಂದು ಹೋಲಿಸಿ. ಹನ್ನೆರಡನೆಯ ಕರೆಗೆ `False` ಬರಬೇಕು, ಅರೇ ಮತ್ತೆ 1, 1, 2, 3 ಆಗಿರಬೇಕು. ಎಣಿಕೆ, ಏರಿಕೆ, ಮರಳುವಿಕೆ ಮೂರೂ ಸರಿಯಾಗಿದ್ದರೆ ಆ ಅರೇಯ ಮಟ್ಟಿಗೆ ಒಂದೂ ಬಿಟ್ಟುಹೋಗಿಲ್ಲ, ಒಂದೂ ಎರಡು ಸಲ ಬಂದಿಲ್ಲ.

ಅಂದ ಹಾಗೆ, ಪೈಥಾನ್‌ನ `itertools.permutations` ಈ ಕೆಲಸವನ್ನು ಮಾಡುವುದಿಲ್ಲ. ಅದು ಸಂಖ್ಯೆಗಳ ಬೆಲೆಯನ್ನು ನೋಡದೆ ಅವು ಇರುವ ಸ್ಥಾನಗಳನ್ನು ಮಾತ್ರ ನೋಡುತ್ತದೆ, ಆದ್ದರಿಂದ 1, 1, 2, 3 ಕೊಟ್ಟರೆ 24 ಜೋಡಣೆಗಳನ್ನು, ಪ್ರತಿಯೊಂದನ್ನೂ ಎರಡೆರಡು ಸಲ ಕೊಡುತ್ತದೆ.

ವೇಗದ ಬಗ್ಗೆಯೂ ಪ್ರಶ್ನೆ ಬಂತು. ಒಂದು ಕರೆಯಲ್ಲಿ ಕೆಟ್ಟ ಸಂದರ್ಭವೆಂದರೆ ಇಡೀ ಅರೇಯನ್ನು ನಡೆದು, ಇಡೀ ಅರೇಯನ್ನು ತಿರುಗಿಸುವುದು. ಅದು ಅರೇಯ ಉದ್ದಕ್ಕೆ ಅನುಗುಣವಾದ ಕೆಲಸ. ಆದರೆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿದಾಗ ಸರಾಸರಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದರೆ ಖುಷಿಯಾಗುತ್ತದೆ. ಸಂಖ್ಯೆಗಳೆಲ್ಲ ಬೇರೆ ಬೇರೆಯಾಗಿದ್ದಾಗ ಕೊನೆಯ ಎರಡು ಸಂಖ್ಯೆಗಳು ಇಳಿಕೆಯಲ್ಲಿರುವುದು ಎರಡರಲ್ಲಿ ಒಂದು ಜೋಡಣೆಯಲ್ಲಿ. ಕೊನೆಯ ಮೂರು ಇಳಿಕೆಯಲ್ಲಿರುವುದು ಆರರಲ್ಲಿ ಒಂದರಲ್ಲಿ. ಕೊನೆಯ ನಾಲ್ಕು, 24ರಲ್ಲಿ ಒಂದರಲ್ಲಿ. ಉದ್ದನೆಯ ಬಾಲಗಳು ಅಷ್ಟು ಬೇಗ ಅಪರೂಪವಾಗುತ್ತವೆ. ಹೀಗಾಗಿ ಬಾಲದ ಸರಾಸರಿ ಉದ್ದ 1 + 1/2! + 1/3! + … ಎಂಬ ಮೊತ್ತವಾಗುತ್ತದೆ, ಅದು e − 1, ಅಂದರೆ ಸುಮಾರು 1.718. ಅರೇಯಲ್ಲಿ ಹತ್ತು ಸಂಖ್ಯೆಗಳಿದ್ದರೂ ಹದಿನೈದಿದ್ದರೂ ಬಾಲ ಸರಾಸರಿ ಎರಡನ್ನೂ ಮುಟ್ಟುವುದಿಲ್ಲ.

ಅದಲುಬದಲುಗಳನ್ನೂ ಹೀಗೆಯೇ ಎಣಿಸಬಹುದು. ಪಿವಟ್‌ನದು ಒಂದು, ಬಾಲವನ್ನು ತಿರುಗಿಸಲು ಅದರ ಉದ್ದದ ಅರ್ಧ. ಮೂರು ಸಂಖ್ಯೆಗಳ ಆರು ಕರೆಗಳಿಗೆ ಕೈಯಲ್ಲೇ ಲೆಕ್ಕ ಹಾಕಿದರೆ 1, 2, 1, 2, 1, 1, ಒಟ್ಟು ಎಂಟು. ಕೊನೆಯ 1 ಎಂಬುದು 3, 2, 1ರಿಂದ 1, 2, 3ಕ್ಕೆ ಮರಳುವಾಗಿನದು, ಅಲ್ಲಿ ಪಿವಟ್‌ನ ಅದಲುಬದಲು ಇಲ್ಲ. ಅರೇ ಉದ್ದವಾದಂತೆ ಸರಾಸರಿ 1.543ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಒಂದೊಂದು ಹೆಜ್ಜೆ ಇಷ್ಟು ಅಗ್ಗವಾದರೂ ಹೆಜ್ಜೆಗಳ ಸಂಖ್ಯೆಯನ್ನು ಮರೆಯಬಾರದು. 12! ಎಂದರೆ 47,90,01,600, ಅದನ್ನು ಸುತ್ತಿ ಮುಗಿಸಬಹುದು. 20 ಸಂಖ್ಯೆಗಳಿದ್ದರೆ ಸೆಕೆಂಡಿಗೆ ನೂರು ಕೋಟಿ ಜೋಡಣೆಗಳ ವೇಗದಲ್ಲಿ ಓಡಿಸಿದರೂ ಸುಮಾರು 77 ವರ್ಷ ಬೇಕು. ಪಟ್ಟಿಯ ಹತ್ತು ಲಕ್ಷದನೆಯ ಜೋಡಣೆ ಮಾತ್ರ ಬೇಕಿದ್ದರೆ ಅಷ್ಟು ಬಾರಿ ಈ ಫಂಕ್ಷನ್ ಕರೆಯುವುದೂ ಸರಿಯಲ್ಲ. 12!ರಂಥ ಕ್ರಮಗುಣಿತಗಳಿಂದ ಭಾಗಿಸುತ್ತಾ ಒಂದೊಂದು ಸ್ಥಾನದ ಸಂಖ್ಯೆಯನ್ನು ನೇರವಾಗಿ ಪಡೆಯುವ ದಾರಿ ಬೇರೆಯೇ ಇದೆ.

ಸಿ++ನಲ್ಲಿ ಇದನ್ನು ಸ್ವತಃ ಬರೆಯುವವರಿಗೆ ಒಂದು ಎಚ್ಚರಿಕೆ. ಇಂಡೆಕ್ಸ್‌ಗೆ `size_t` ಬಳಸಿದರೆ ಅದು ಋಣ ಸಂಖ್ಯೆಯಾಗಲಾರದು. ಪಿವಟ್ ಸಿಗದೆ ಸೊನ್ನೆಯಿಂದ ಒಂದನ್ನು ಕಳೆದಾಗ -1ರ ಬದಲು ಭಾರೀ ದೊಡ್ಡ ಸಂಖ್ಯೆ ಬರುತ್ತದೆ, `i >= 0` ಎಂಬ ಪರೀಕ್ಷೆ ಸದಾ ನಿಜವಾಗಿರುತ್ತದೆ. ಅಂದರೆ ಉಳಿದೆಲ್ಲ ಅರೇಗಳಿಗೆ ಸರಿಯಾಗಿ ನಡೆಯುವ ಕೋಡ್ ಪೂರ್ತಿ ಇಳಿಕೆಯ ಅರೇ ಬಂದಾಗಲೇ ಮುರಿಯುತ್ತದೆ. ಒಂದೇ ಸಂಖ್ಯೆಯ ಅರೇಯಲ್ಲಿ, ಖಾಲಿ ಅರೇಯಲ್ಲಿ ಶುರುವಿನ `n - 2` ಎಂಬಲ್ಲಿಯೇ ಇದು ಆಗುತ್ತದೆ. ಅಲ್ಲಿ ಋಣ ಬೆಲೆಯನ್ನು ಹಿಡಿಯಬಲ್ಲ ಪೂರ್ಣಾಂಕವನ್ನೇ ಬಳಸಿ.

ಕೊನೆಯ ಪ್ರಶ್ನೆ ಹಿಂದಕ್ಕೆ ಹೋಗುವುದರ ಬಗ್ಗೆ ಇತ್ತು. ಮುಂದಿನದರ ಬದಲು ಹಿಂದಿನ ಜೋಡಣೆ ಬೇಕಾದರೆ? ಎರಡೂ ಹೋಲಿಕೆಗಳ ದಿಕ್ಕನ್ನು ಬದಲಿಸಿದರೆ ಸಾಕು: `>=` ಇದ್ದಲ್ಲಿ `<=`, `<=` ಇದ್ದಲ್ಲಿ `>=`. ಬಾಲ ಈಗ ಏರುವ ಗುಂಪು, ಪಿವಟ್ ತನ್ನ ಬಲಗಡೆಯದಕ್ಕಿಂತ ದೊಡ್ಡದು. ನಮ್ಮ ಉತ್ತರವನ್ನೇ ಅದಕ್ಕೆ ಕೊಟ್ಟು ನೋಡಿ. 2, 6, 4, 1, 3, 7, 8ರಲ್ಲಿ ಬಾಲ 1, 3, 7, 8, ಪಿವಟ್ 4, ಬಲದಿಂದ ಬರುವಾಗ ಮೊದಲು ಸಿಗುವ, ಅದಕ್ಕಿಂತ ಚಿಕ್ಕದಾದ ಸಂಖ್ಯೆ 3. ಬದಲಿಸಿದರೆ 2, 6, 3, 1, 4, 7, 8. ಬಾಲವನ್ನು ತಿರುಗಿಸಿದರೆ 2, 6, 3, 8, 7, 4, 1, ಹೊರಟ ಜಾಗವೇ. ಇಲ್ಲಿ ಪಿವಟ್ ಸಿಗದ ಅರೇ ಎಂದರೆ ಪೂರ್ತಿ ಏರಿಕೆಯಲ್ಲಿರುವುದು. 1, 1, 5 ಕೊಟ್ಟರೆ ಅದು 5, 1, 1 ಆಗಿ ತಿರುಗಿ `False` ಬರುತ್ತದೆ.